ಬೆಳಿಗ್ಗೆ 93, ರಾತ್ರಿ 7: ನಿಧಾನ ಇಂಟರ್ನೆಟ್ ಬಗ್ಗೆ ಮೂರನೇ ದೂರು

ಇಂದ,
ನಿಮ್ಮ ಫೈಬರ್ ಗ್ರಾಹಕ,
ವಿನೋಬನಗರ, ದಾವಣಗೆರೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ರಾತ್ರಿ ಹೊತ್ತು ಇಂಟರ್ನೆಟ್ ನಿಧಾನವಾಗುವುದು, ಮತ್ತು ಸರಿ ಮಾಡದೆ ದೂರನ್ನು ಎರಡು ಸಲ ಮುಚ್ಚಿದ್ದು.

ಮಾನ್ಯರೇ,

ನನ್ನದು 100 ಎಂಬಿಪಿಎಸ್ ಪ್ಲಾನ್. ಎರಡು ತಿಂಗಳಿಂದ ರಾತ್ರಿ ಎಂಟು ಗಂಟೆಯಾಯಿತೆಂದರೆ ನೆಟ್ ತೆವಳುತ್ತದೆ. ಹನ್ನೊಂದರ ಮೇಲೆ ತಾನಾಗೇ ಸರಿಹೋಗುತ್ತದೆ. ಮಂಡಿಪೇಟೆಯ ಕೆಲವು ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಅಂಗಡಿ ಬಾಗಿಲು ಹಾಕಿದ ಮೇಲೇ ಅವರು ಬಿಲ್ ಕಳಿಸುವುದು, ಹಾಗಾಗಿ ನನಗೆ ನೆಟ್ ಬೇಕಾಗುವುದೂ ಅದೇ ಹೊತ್ತಿಗೆ. ಕಳೆದ ತಿಂಗಳು 20ನೇ ತಾರೀಖು ಪೋರ್ಟಲ್ ನಾಲ್ಕು ಸಲ ಅರ್ಧಕ್ಕೆ ನಿಂತಿತು. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕೆಲಸ ಮುಗಿಸಿದೆ.

ಎರಡು ಸಲ ದೂರು ಕೊಟ್ಟಿದ್ದೇನೆ. ಎರಡೂ ಸಲ ನಿಮ್ಮ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಬಂದ. ರೂಟರ್ ಪಕ್ಕ ನಿಂತು ತನ್ನ ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, "ತೊಂಬತ್ತು ಬರ್ತಾ ಇದೆಯಲ್ಲ ಸರ್, ನಿಮ್ಮ ವೈಫೈನೇ ವೀಕು" ಅಂತ ಹೇಳಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಬರುವ ಕಾಯಿಲೆಯನ್ನು ಹಗಲು ನೋಡಿದರೆ ಅವನಾದರೂ ಏನು ಹೇಳಬೇಕು?

ಆದರೂ ಆ ಮಾತನ್ನು ಸುಮ್ನೆ ತಳ್ಳಿಹಾಕಲಿಲ್ಲ. ತಪ್ಪು ನಮ್ಮ ಫೋನ್‌ನದೋ, ರೂಟರ್‌ನದೋ, ನಿಮ್ಮ ಲೈನ್‌ನದೋ ಅಂತ ಒಂದೊಂದಾಗಿ ನೋಡಿದೆ. ನಮ್ಮ ಕಡೆ ತಪ್ಪಿರಲಿಲ್ಲ ಅಂತ ಹೇಳುವುದಿಲ್ಲ, ಎರಡು ಸಿಕ್ಕವು. ಬೆಳಿಗ್ಗೆ ನೆಟ್ ಚೆನ್ನಾಗಿರುವಾಗಲೂ ಮಗಳ ಕೋಣೆಯಲ್ಲಿ ಬರೀ 22 ಎಂಬಿಪಿಎಸ್ ಬರುತ್ತಿತ್ತು. ಹಾಲ್‌ನಲ್ಲಿ ಅದೇ ಫೋನ್‌ಗೆ 90. ರೂಟರ್ ಕಬ್ಬಿಣದ ಬೀರುವಿನ ಹಿಂದೆ ಕೂತಿತ್ತು. ಅದನ್ನು ಎತ್ತರದ ಶೆಲ್ಫ್‌ಗೆ ಇಟ್ಟು, ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದ ಮೇಲೆ ಅವಳ ಕೋಣೆಯಲ್ಲೂ 60 ಬಂತು. ಇನ್ನೊಂದು, ಹಳೇ ಟ್ಯಾಬ್. ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಒಂದೇ ಜಾಗದಲ್ಲಿ ಫೋನ್ ಓಡುತ್ತಿರುವಾಗ ಅದೊಂದೇ ಕುಂಟುತ್ತದೆ. ಅದು ಟ್ಯಾಬ್‌ನ ಪಾಡು, ಅದನ್ನು ನಿಮ್ಮ ಮೇಲೆ ಹೇರುವುದಿಲ್ಲ.

ಇವೆರಡಕ್ಕೂ ರಾತ್ರಿಯ ತೊಂದರೆಗೂ ಸಂಬಂಧವಿಲ್ಲ. ಬೀರು ಬೆಳಿಗ್ಗೆಯೂ ಅಲ್ಲೇ ಇರುತ್ತದೆ, ರಾತ್ರಿಯೂ ಅಲ್ಲೇ ಇರುತ್ತದೆ ಅಲ್ವಾ?

ವೈಫೈ ಅನ್ನುವ ನೆಪವೇ ಉಳಿಯಬಾರದು ಅಂತ ರೂಟರನ್ನೇ ಪೂರ್ತಿ ತೆಗೆದೆ. ಫೈಬರ್ ಬಂದು ಸೇರುವ ನಿಮ್ಮ ಒಎನ್‌ಯು ಪೆಟ್ಟಿಗೆಯಿಂದ ಲ್ಯಾನ್ ಕೇಬಲನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿದೆ. ನೀವು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡನ್ನು ಲ್ಯಾಪ್‌ಟಾಪ್‌ನಲ್ಲೇ ಕೊಟ್ಟು ಕನೆಕ್ಟ್ ಮಾಡಿದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ರಾತ್ರಿ ಮನೆಯ ಫೋನ್‌ಗಳು ಫೋಟೋ ಬ್ಯಾಕಪ್ ಮಾಡುತ್ತಾ ಲೈನ್ ತುಂಬಿಸಿದರೂ ಇದೇ ಥರ ನಿಧಾನವಾಗುತ್ತದೆ. ಈಗ ಲೈನ್‌ನಲ್ಲಿ ಇದ್ದದ್ದು ಒಂದೇ ಲ್ಯಾಪ್‌ಟಾಪ್, ಅದರಲ್ಲೂ ಬೇರೆ ಎಲ್ಲ ಬಂದ್ ಮಾಡಿದ್ದೆ. ಆಮೇಲೆ ಈ ಎರಡು ಕಮಾಂಡ್ ಕೊಟ್ಟೆ:

```
ping -n 100 8.8.8.8
tracert -d 8.8.8.8
```

ಮೊದಲನೆಯದು ಗೂಗಲ್‌ನ ಸರ್ವರ್‌ಗೆ ನೂರು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಬೆಳಿಗ್ಗೆ 7 ಗಂಟೆಗೆ ನೂರಕ್ಕೆ ನೂರೂ ಉತ್ತರ ಬಂದವು, ಸರಾಸರಿ 18 ಮಿಲಿಸೆಕೆಂಡ್. ಸ್ಪೀಡ್ 93. ರಾತ್ರಿ 9 ಗಂಟೆಗೆ ಅದೇ ಕೇಬಲ್, ಅದೇ ಲ್ಯಾಪ್‌ಟಾಪ್. ನೂರರಲ್ಲಿ 11 ಕಳೆದುಹೋದವು, ಸರಾಸರಿ 140 ಮಿಲಿಸೆಕೆಂಡ್, ಸ್ಪೀಡ್ 7. ಸೋಮವಾರ, ಮಂಗಳವಾರ, ಗುರುವಾರ ಮೂರೂ ರಾತ್ರಿ ಹೆಚ್ಚುಕಡಿಮೆ ಹೀಗೇ ಇತ್ತು. ಬುಧವಾರ ಕರೆಂಟೇ ಇರಲಿಲ್ಲ, ಅದನ್ನು ಬಿಟ್ಟಿದ್ದೇನೆ. ಪೋರ್ಟಲ್ ಅರ್ಧಕ್ಕೆ ನಿಲ್ಲುವುದಕ್ಕೆ ಕಾರಣ ಬರೀ ಸ್ಪೀಡ್ ಅಲ್ಲ, ಹೀಗೆ ದಾರಿಯಲ್ಲೇ ಕಳೆದುಹೋಗುವ ಪ್ಯಾಕೆಟ್‌ಗಳು.

ಎಲ್ಲಿ ತಡವಾಗುತ್ತಿದೆ ಅಂತ ಎರಡನೇ ಕಮಾಂಡ್ ತೋರಿಸುತ್ತದೆ. ರೂಟರ್ ಇಲ್ಲದ ಮೇಲೆ ಅದರಲ್ಲಿ ಕಾಣುವ ಮೊದಲನೇ ಹಾಪ್, ಅಂದರೆ ದಾರಿಯ ಮೊದಲ ನಿಲ್ದಾಣ, ನಿಮ್ಮದೇ ಗೇಟ್‌ವೇ. ಬೆಳಿಗ್ಗೆ ಅದು 3 ಮಿಲಿಸೆಕೆಂಡ್‌ಗೆ ಉತ್ತರ ಕೊಡುತ್ತದೆ, ರಾತ್ರಿ 120 ದಾಟುತ್ತದೆ. ಗೇಟ್‌ವೇಗಳು ಕೆಲವು ಸಲ ಇಂಥ ಪ್ರಶ್ನೆಗೆ ಬೇಕಂತಲೇ ತಡವಾಗಿ ಉತ್ತರ ಕೊಡುತ್ತವೆ ಅಂತ ನಿಮ್ಮವರು ಹೇಳಬಹುದು. ಅದು ನಿಜವೂ ಹೌದು. ಆದರೆ ಹಾಗಿದ್ದರೆ ಆ ಒಂದು ಹಾಪ್ ಮಾತ್ರ ನಿಧಾನ ಕಾಣಬೇಕು, ಮುಂದಿನವು ಸರಿಯಿರಬೇಕು. ಇಲ್ಲಿ ಮೊದಲ ಹಾಪ್‌ನಲ್ಲಿ ಶುರುವಾದ ತಡ ಕೊನೆಯವರೆಗೂ ಇಳಿಯುವುದೇ ಇಲ್ಲ. ಅಂದರೆ ಸಿಕ್ಕಿಬೀಳುವ ಜಾಗ ನಮ್ಮ ಮನೆಯ ಪೆಟ್ಟಿಗೆಗೂ ನಿಮ್ಮ ಮೊದಲ ಗೇಟ್‌ವೇಗೂ ನಡುವೆ ಇದೆ. ದೂರದ ಯಾವುದೋ ಸರ್ವರ್ ಮೇಲೆ ಹಾಕುವ ಹಾಗಿಲ್ಲ.

ಹಾಗಾದರೆ ಕಂಬದ ಹತ್ತಿರ ಫೈಬರ್ ಬಾಗಿರಬಹುದೇ? ಅದನ್ನೂ ನೋಡಿದೆ. ಒಎನ್‌ಯು ಪೇಜ್‌ನಲ್ಲಿ Rx Power, ಅಂದರೆ ಬಂದು ಸೇರುವ ಬೆಳಕಿನ ಬಲ, ಬೆಳಿಗ್ಗೆಯೂ ರಾತ್ರಿಯೂ ಮೈನಸ್ 20 ಡಿಬಿಎಂ ಹತ್ತಿರವೇ ಇದೆ. ಮೈನಸ್ 27ರ ಆಚೆ ಹೋದರೆ ತಾನೇ ಚಿಂತೆ. ಬೆಳಕು ನಿಂತರೆ ಹೊತ್ತುವ LOS ದೀಪವೂ ಕೆಂಪಾಗಿಲ್ಲ. ಫೈಬರ್ ಬಾಗಿದ್ದರೆ ಬೆಳಿಗ್ಗೆಯೂ ಸತಾಯಿಸುತ್ತಿತ್ತು, ಗಡಿಯಾರ ನೋಡಿಕೊಂಡು ಸರಿಹೋಗುತ್ತಿರಲಿಲ್ಲ. ಪಕ್ಕದ ಮನೆಯಲ್ಲೂ ನಿಮ್ಮದೇ ಲೈನ್ ಇದೆ, ಅವರಿಗೂ ಇದೇ ಹೊತ್ತಿಗೆ ಇದೇ ಪಾಡು. ಎದುರು ಮನೆಯವರದು ಬೇರೆ ಕಂಪನಿ, ಅವರಿಗೆ ಏನೂ ಆಗಿಲ್ಲ.

ನನಗೆ ಕಾಣುವುದು ಇಷ್ಟೇ: ಈ ಏರಿಯಾಗೆ ನೀವು ಕೊಟ್ಟಿರುವ ದಾರಿ ರಾತ್ರಿ ಹೊತ್ತು ಸಾಲುತ್ತಿಲ್ಲ. ಜಿಪಾನ್ ಅನ್ನುವ ಫೈಬರ್ ವ್ಯವಸ್ಥೆಯ ಒಂದು ಪೋರ್ಟ್‌ನಲ್ಲಿ ಬರುವುದು ಸುಮಾರು 2.5 ಜಿಬಿಪಿಎಸ್. ಅದನ್ನು 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ಲೆಕ್ಕದಲ್ಲಿ ಅದು ನಡೆಯುತ್ತದೆ. ತುಂಬಿರುವುದು ಆ ಪೋರ್ಟೋ, ಅಲ್ಲಿಂದ ಮುಂದೆ ಹೋಗುವ ಅಪ್‌ಲಿಂಕೋ, ನನ್ನ ಮನೆಯಿಂದ ಹೇಳಲಾಗದು. ನಿಮ್ಮ ಕಚೇರಿಯ ಗ್ರಾಫ್‌ನಲ್ಲಿ ಒಂದು ನಿಮಿಷದಲ್ಲಿ ಕಾಣುತ್ತದೆ. ಜಾಸ್ತಿ ಬಳಕೆಯ ಹೊತ್ತಲ್ಲೂ ಲಿಂಕ್ ಶೇ. 80ರೊಳಗೆ ಇರಬೇಕು, ಪ್ಯಾಕೆಟ್ ನಷ್ಟ ಶೇ. 1 ಮೀರಬಾರದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲೇ ಬರೆದಿದೆ. ನಮ್ಮಲ್ಲಿ ಶೇ. 11.

ಆದ್ದರಿಂದ ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ. ನಮ್ಮ ಪೋರ್ಟ್ ಮತ್ತು ಅಪ್‌ಲಿಂಕ್‌ನ ರಾತ್ರಿ 8ರಿಂದ 11ರವರೆಗಿನ ಒಂದು ವಾರದ ಬಳಕೆಯನ್ನು ನೋಡಿ, ಏನು ಕಂಡಿತು ಅಂತ ಬರವಣಿಗೆಯಲ್ಲಿ ತಿಳಿಸಿ. ತುಂಬಿದ್ದರೆ ಅಪ್‌ಲಿಂಕ್ ಹೆಚ್ಚಿಸಿ, ಇಲ್ಲವೇ ನಮ್ಮನ್ನು ಬೇರೆ ಪೋರ್ಟ್‌ಗೆ ಹಾಕಿ. ರೂಟರ್ ಬದಲಿಸಿ, ದೊಡ್ಡ ಪ್ಲಾನ್ ತಗೊಳ್ಳಿ ಅನ್ನುವ ಫೋನ್ ಮಾತ್ರ ಬೇಡ. ತುಂಬಿದ ದಾರಿಯಲ್ಲಿ 200ರ ಪ್ಲಾನ್ ಹಾಕಿದರೂ ಬರುವುದು ಅದೇ 7. ಎರಡು ತಿಂಗಳ ಬಾಡಿಗೆಯಲ್ಲಿ ಸೂಕ್ತ ಕಡಿತವನ್ನೂ ಕೇಳುತ್ತಿದ್ದೇನೆ. ಈ ಸಲವೂ ಕೆಲಸ ಮಾಡದೆ ಮುಚ್ಚಿದರೆ ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ.

ಮೂರು ದಿನದ ಸ್ಕ್ರೀನ್‌ಶಾಟ್‌ಗಳನ್ನು ಸಮಯ ಕಾಣುವ ಹಾಗೆ ಲಗತ್ತಿಸಿದ್ದೇನೆ. ಹುಡುಗನನ್ನು ಕಳಿಸುವುದಾದರೆ ರಾತ್ರಿ 8ರ ಮೇಲೆ ಕಳಿಸಿ. ಲ್ಯಾನ್ ಕೇಬಲ್ ನಮ್ಮಲ್ಲೇ ಇದೆ.

ಇಂತಿ,
ನಿಮ್ಮ ಗ್ರಾಹಕ