ಸೋರುವ ಕೊಡದ ವಾಕ್ಯ

ಪ್ರೀತಿಯ ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಅಜ್ಜಿಯ ಪಾತ್ರ ತುಂಬಾ ಹಿಡಿಸಿತು. ಆದರೆ ಅವಳು ಬಾವಿಗೆ ಹೋಗುವ ಜಾಗದಲ್ಲಿ ಎಡವಿದೆ. ನೀನು ಬರೆದಿರುವುದು ಹೀಗೆ:

‘ಅಜ್ಜಿ ಬಾವಿಯ ಹತ್ತಿರ ಹೋದಳು ಮತ್ತು ಅವಳು ನೀರನ್ನು ಸೇದಿದಳು ಮತ್ತು ಯಾವ ಕೊಡ ಸೋರುತ್ತಿತ್ತೋ ಆ ಕೊಡಕ್ಕೆ ತುಂಬಿದಳು.’

ತಪ್ಪೇನೂ ಇಲ್ಲ. ಆದರೆ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಅಲ್ವಾ? ಹೀಗೆ ಮಾಡಿ ನೋಡು:

‘ಅಜ್ಜಿ ಬಾವಿಗೆ ಹೋಗಿ ನೀರು ಸೇದಿ ಸೋರುವ ಕೊಡಕ್ಕೆ ತುಂಬಿದಳು.’

15 ಪದ ಇದ್ದದ್ದು 8ಕ್ಕೆ ಇಳಿಯಿತು. ‘ಹೋದಳು ಮತ್ತು’ ಎಂಬುದು ‘ಹೋಗಿ’ ಆಯಿತು. ‘ಯಾವ... ಆ’ ಜೋಡಿಯ ಕೆಲಸವನ್ನು ‘ಸೋರುವ’ ಒಂದೇ ಮಾಡಿತು. ವ್ಯಾಕರಣದಲ್ಲಿ ಇವಕ್ಕೆ ಕೃದಂತ ಅನ್ನುತ್ತಾರೆ. ‘ಅವಳು’ ಕೂಡ ಬೇಕಾಗಲಿಲ್ಲ. ಕೊನೆಯ ‘ತುಂಬಿದಳು’ ಯಾರು ಅನ್ನುವುದನ್ನು ಹೇಳಿಬಿಡುತ್ತದೆ.

ಇಲ್ಲೇ ಒಂದು ಆಯ್ಕೆಯೂ ಇದೆ. ಕೃದಂತವಾದ ಕ್ರಿಯೆ ಹಿಂದೆ ಸರಿಯುತ್ತದೆ, ಪೂರ್ತಿ ಕ್ರಿಯಾಪದ ಎದ್ದು ಕಾಣುತ್ತದೆ. ಕೊಡ ಸೋರುವುದೇ ನಿನ್ನ ಕತೆಯ ತಿರುವಾದರೆ ಅದನ್ನು ‘ಸೋರುವ’ ಎಂದು ಮಡಚಿಡಬೇಡ. ‘ಅಜ್ಜಿ ನೀರು ಸೇದಿ ಕೊಡ ತುಂಬಿದಳು. ಕೊಡ ಸೋರುತ್ತಿತ್ತು.’ ಆಗ ಎರಡು ವಾಕ್ಯವೇ ಸರಿ.

ಎಚ್ಚರ ಬೇಕಾದದ್ದು ಕರ್ತೃವಿನ ವಿಷಯದಲ್ಲಿ. ಹೋದವಳು, ಸೇದಿದವಳು, ತುಂಬಿದವಳು ಒಬ್ಬಳೇ, ಅದಕ್ಕೇ ಸಾಲು ಕೂಡಿಕೊಂಡಿತು. ‘ಅಜ್ಜಿ ಬಂದು ನಾನು ಎದ್ದೆ’ ಅಂದರೆ ಕಿವಿ ಒಪ್ಪುವುದಿಲ್ಲ. ‘ಅಜ್ಜಿ ಬಂದ ಮೇಲೆ’ ಅನ್ನಬೇಕು. ‘ಮಳೆ ಬಂದು ಕೆರೆ ತುಂಬಿತು’ ಮಾತ್ರ ನಿಲ್ಲುತ್ತದೆ, ಯಾಕೆಂದರೆ ಕೆರೆ ತುಂಬಿದ್ದೇ ಮಳೆಯಿಂದ.

ನಿನ್ನ ಮೂರನೇ ಪುಟದ ‘ಕೊಂದ ಹುಲಿ’ ನನ್ನನ್ನು ತಡೆದು ನಿಲ್ಲಿಸಿತು. ಹುಲಿ ಕೊಂದಿತೋ, ಹುಲಿಯನ್ನೇ ಕೊಂದರೋ? ಕೃದಂತ ಅದನ್ನು ಹೇಳುವುದಿಲ್ಲ. ‘ಹಸುವನ್ನು ಕೊಂದ ಹುಲಿ’ ಅಥವಾ ‘ಊರವರು ಕೊಂದ ಹುಲಿ’ ಎಂದು ಒಂದು ಪದ ಜಾಸ್ತಿ ಹಾಕು. ಇಲ್ಲಿ ಉಳಿತಾಯ ಮಾಡಿದರೆ ಓದುಗ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ, ಸಂಯುಕ್ತ ಕ್ರಿಯಾಪದ, ಅಂದರೆ ಒಂದು ಕ್ರಿಯಾಪದಕ್ಕೆ ಇನ್ನೊಂದು ಬಾಲದಂತೆ ಅಂಟಿಕೊಂಡು ಬರುವುದು. ‘ಅವಳು ತನಗೋಸ್ಕರ ಕಾಫಿ ಮಾಡಿದಳು’ ಎಂದು ನೀನು ಬರೆದಿದ್ದೀಯ. ‘ಕಾಫಿ ಮಾಡಿಕೊಂಡಳು’ ಸಾಕು. ಗಂಡನಿಗಾದರೆ ‘ಮಾಡಿಕೊಟ್ಟಳು’. ಆಮೇಲೆ ಬರುವವರಿಗಾದರೆ ‘ಮಾಡಿಟ್ಟಳು’. ಯಾರಿಗಾಗಿ, ಯಾವಾಗಿಗೆ ಅನ್ನುವ ಇಡೀ ಮಾತು ಆ ಪುಟ್ಟ ಬಾಲದಲ್ಲಿ ಕೂತಿದೆ. ಆದರೆ ‘ಬಿಡು’ ಎಂಬ ಬಾಲವನ್ನು ಸುಮ್ನೆ ಅಂಟಿಸಬೇಡ. ಒಂದೇ ಪುಟದಲ್ಲಿ ‘ಹೇಳಿಬಿಟ್ಟ’, ‘ಹೋಗಿಬಿಟ್ಟ’, ‘ನಕ್ಕುಬಿಟ್ಟ’ ಬಂದಿವೆ. ‘ಬಿಟ್ಟ’ ಅಂದರೆ ತಡೆಯಲಾಗಲಿಲ್ಲ, ಇನ್ನು ಹಿಂದಕ್ಕೆ ಬರುವಂತಿಲ್ಲ ಎಂಬ ಭಾವ. ಗುಟ್ಟು ‘ಹೇಳಿಬಿಟ್ಟ’ ಅನ್ನುವಲ್ಲಿ ಅದು ಬೇಕು, ಇರಲಿ. ಉಳಿದೆರಡು ಕಡೆ ‘ಹೋದ’, ‘ನಕ್ಕ’ ಸಾಕು.

ಮೂರನೇ ಪುಟ ತಿದ್ದಿ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ
ಅಕ್ಕ