ಮಗಳಿಗೊಂದು ಪತ್ರ: ಈ ಸಲದ ಹೂವನ್ನು ಬಿಟ್ಟುಬಿಡು

ವಿರಾಜಪೇಟೆ
12 ನವೆಂಬರ್ 2025

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ಮಾತು ಜೋರಾಯಿತು. ಏಳು ತಿಂಗಳ ಗರ್ಭಿಣಿ ಮಗಳನ್ನು ಅಳಿಸಿದೆಯಲ್ಲ ಎಂದು ಅಪ್ಪ ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ನಿನಗೆ ನೋವಾಗಿದ್ದರೆ ಕ್ಷಮಿಸು. ಹೇಳಿದ ವಿಷಯವನ್ನು ಮಾತ್ರ ಬಿಡಲಾರೆ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು: ಪಿಎಚ್.ಡಿ. ಗೈಡ್ ಒಪ್ಪಿದ್ದಾರೆ, ಹೆರಿಗೆ ರಜೆಗೆ ಅರ್ಜಿ ಏನೂ ಬೇಡ, ಆರಾಮವಾಗಿ ಹೆರಿಗೆ ಮುಗಿಸಿಕೊಂಡು ಬಾ ಎಂದಿದ್ದಾರೆ, ಮಾರ್ಚಿನಲ್ಲಿ ಕಾಫಿ ಹೂ ಬಿಡುವ ಒಂದು ವಾರ ಮಾತ್ರ ತೋಟಕ್ಕೆ ಹೋಗಿಬರುತ್ತೇನೆ. ನಿನ್ನ ಗೈಡ್ ಒಳ್ಳೆಯವರು, ನನಗೆ ಗೊತ್ತು. ಒಳ್ಳೆಯವರ ಬಾಯಿಮಾತೇ ನನಗೆ ಹೆಚ್ಚು ಭಯ.

ನಾನು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಕೂತಿದ್ದ ಕಾಲದ ಒಂದು ಕಡತ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬ ಹುಡುಗಿ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಕೌಂಟರಿನ ಮುಂದೆ ನಿಂತಿದ್ದಳು. ಹೆರಿಗೆಗೆ ಹೋಗುವಾಗ ಅವಳ ಗೈಡ್ ಕೂಡ ಅರ್ಜಿ ಬೇಡ ಎಂದಿದ್ದರು. ಅವಳು ತವರಿನಲ್ಲಿದ್ದಾಗ ಅವರು ನಿವೃತ್ತರಾದರು. ಪ್ರಗತಿ ವರದಿ ಬರಲಿಲ್ಲ, ನೋಟಿಸು ಹಳೆಯ ಹಾಸ್ಟೆಲ್ ವಿಳಾಸಕ್ಕೆ ಹೋಗಿ ವಾಪಸು ಬಂತು, ಲಕೋಟೆಯನ್ನು ಹಾಗೇ ಕಡತಕ್ಕೆ ಸೇರಿಸಿದರು. ನೋಂದಣಿ ರದ್ದಾಯಿತು. ಅವಳು ತನ್ನ ತಾಯಿ ಕಾರ್ಡನ್ನು ಕೌಂಟರಿನ ಮೇಲಿಟ್ಟು, ಹೆರಿಗೆಯ ದಿನಾಂಕದ ಮೇಲೆ ಬೆರಳಿಟ್ಟು, "ನೋಡಿ ಮೇಡಂ, ನಾನು ಸುಳ್ಳು ಹೇಳುತ್ತಿಲ್ಲ" ಎಂದಳು. ಸುಳ್ಳೆಂದು ಯಾರೂ ಹೇಳಿರಲಿಲ್ಲ. ಕಡತದಲ್ಲಿ ಅವಳ ಒಂದೇ ಒಂದು ಕಾಗದ ಇರಲಿಲ್ಲ, ಅಷ್ಟೆ. ಆ ಕಾರ್ಡಿನ ಮೂಲೆ ಹಾಲು ಬಿದ್ದು ಗಟ್ಟಿಯಾಗಿತ್ತು. ಅವಳು ಅದನ್ನು ಮತ್ತೆ ಮತ್ತೆ ನೇರ ಮಾಡುತ್ತಿದ್ದಳು.

ನಿನ್ನ ಕೈಯಲ್ಲಿ ಆ ಕಾರ್ಡ್ ಹಿಡಿದು ಅಂಥ ಕೌಂಟರಿನ ಮುಂದೆ ನಿಲ್ಲಬಾರದು ನೀನು.

ಈಗ ನಿಯಮಕ್ಕೆ ಬರುತ್ತೇನೆ. ನಿನ್ನ ಪ್ರವೇಶ 2023ರ ಅಕ್ಟೋಬರ್ 16ರದು, ಹಾಗಾಗಿ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ನಿನಗೆ ಅನ್ವಯ. ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡಬಹುದು ಎಂದು ಅದರಲ್ಲಿದೆ. ತಾನಾಗಿ ಬರುವ ರಜೆಯಲ್ಲ ಅದು. ನೀನು ಕೇಳಬೇಕು, ಅವರು ಆದೇಶ ಹೊರಡಿಸಬೇಕು. 2016ರ ಹಳೆಯ ನಿಯಮದಲ್ಲಿ ಈ ರಜೆ ಒಂದು ಸಲ ಮಾತ್ರ ಎಂದಿತ್ತು, 2022ರದರಲ್ಲಿ ಆ ಕಟ್ಟು ಇಲ್ಲ. ಕೆಲವು ಕಡೆ ವಿಶ್ವವಿದ್ಯಾಲಯದ ಸ್ವಂತ ನಿಯಮ ಹಳೆಯ ವಾಕ್ಯವನ್ನೇ ಹೊತ್ತುಕೊಂಡಿರುತ್ತದೆ. ಆದ್ದರಿಂದ ಸಂಶೋಧನಾ ವಿಭಾಗಕ್ಕೆ ಹೋಗಿ ನಿಮ್ಮಲ್ಲಿ ಯಾವುದು ಚಾಲ್ತಿಯಲ್ಲಿದೆ ಎಂದು ಮೊದಲು ಓದಿ ನೋಡು.

ಎರಡು ಕಂತು ಮಾಡಲು ಬಿಡುತ್ತಾರೆಂದಾದರೆ ಈಗ 180 ದಿನ ಕೇಳು, 60 ದಿನ ಕೈಯಲ್ಲಿಟ್ಟುಕೊ. ಇದಕ್ಕೆ ಹಣದ ಕಾರಣವಿದೆ. ಫೆಲೋಶಿಪ್‌ನವರು ಹೆರಿಗೆ ರಜೆಯನ್ನು ಭಾರತ ಸರ್ಕಾರದ ನಿಯಮದಂತೆ ಲೆಕ್ಕ ಹಾಕುತ್ತಾರೆ, ಅದು 180 ದಿನ. ವಿಶ್ವವಿದ್ಯಾಲಯ 240 ದಿನ ಕೊಟ್ಟರೂ ಕೊನೆಯ 60 ದಿನಕ್ಕೆ ಹಣ ಬರುತ್ತದೆಂದು ನಂಬಿ ಕೂರಬೇಡ. ಅದಲ್ಲದೆ ಪ್ರತಿ ತಿಂಗಳೂ ನೀನು ಕೆಲಸದಲ್ಲಿದ್ದೀಯ ಎಂದು ವಿಶ್ವವಿದ್ಯಾಲಯ ದೃಢೀಕರಿಸಿದ ಮೇಲೆ ತಾನೇ ಆ 42,000 ರೂಪಾಯಿ ನಿನ್ನ ಖಾತೆಗೆ ಬರುವುದು? ರಜೆಯ ಆದೇಶ ಇಲ್ಲದೆ ನೀನು ತೊಟ್ಟಿಲ ಪಕ್ಕ ಕೂತಿರುವಾಗ ವಿಭಾಗದವರು ಹಾಜರಿದ್ದಾಳೆ ಎಂದು ದೃಢೀಕರಿಸಿದರೆ, ನಾಳೆ ಲೆಕ್ಕಪರಿಶೋಧನೆಯಲ್ಲಿ ವಸೂಲಿಯ ಪ್ರಶ್ನೆ ಏಳುವುದು ನಿನ್ನ ಹೆಸರಿನಲ್ಲಿ. ಹಕ್ಕಿನಿಂದ ಬರಬೇಕಾದ ಹಣವನ್ನು ಕಳ್ಳತನದ ಹಾಗೆ ಏಕೆ ತೆಗೆದುಕೊಳ್ಳಬೇಕು? ಕಳೆದ ತಿಂಗಳು ನೀನು ಹಿರಿಯ ಫೆಲೋ ಆದೆ ಎಂದಾಗ ಅಪ್ಪ ಅದನ್ನು ತೋಟದಲ್ಲಿ ಕೆಲಸ ಮಾಡುವವರಿಗೆಲ್ಲ ಹೇಳಿ ಬಂದಿದ್ದಾರೆ. ನಾನೂ ಹೇಳಿದ್ದೇನೆ, ಪೇಟೆಯಲ್ಲಿ.

ಇನ್ನು ಹೂವಿನ ವಿಷಯ. ಜಗಳ ಆದದ್ದೇ ಇದಕ್ಕೆ.

ಹೂಮಳೆ ನಮ್ಮ ಮಾತು ಕೇಳುವುದಿಲ್ಲ. ಮಳೆ ಬಿದ್ದ ಏಳರಿಂದ ಹತ್ತು ದಿನಕ್ಕೆ ರೋಬಸ್ಟಾ ಅರಳುತ್ತದೆ. ಸ್ಪ್ರಿಂಕ್ಲರ್ ಹಾಕಿದ ತೋಟ ಒಂದು ದಿನ, ಮಳೆಗೆ ಕಾದ ತೋಟ ಇನ್ನೊಂದು ದಿನ. ನೀನು ಅರಳುವ ಮೊದಲೇ ಮೊಗ್ಗಿನ ಕೊಂಬೆಗಳಿಗೆ ಬಲೆಚೀಲ ಕಟ್ಟಬೇಕು, ಅರಳಿದ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸಬೇಕು, ಹೆಜ್ಜೇನು ಮತ್ತು ತುಡುವೆ ಎಷ್ಟು ಸಲ ಬಂದವೆಂದು ಎಣಿಸಬೇಕು. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಇದರಲ್ಲಿ ಒಂದು ದಿನ ತಪ್ಪಿದರೂ ಆ ಕೊಂಬೆಗಳ ಲೆಕ್ಕ ಹೋಯಿತು. ಇದನ್ನೆಲ್ಲ ನನಗೆ ಕಲಿಸಿದ್ದು ನೀನೇ. ಒಂದು ವಾರ ಎಂದು ನೀನು ಹೇಳುವುದು ಬಾಯಿಗೆ ಸುಲಭ. ಈ ವರ್ಷ ನಿನ್ನ ಮೂರು ತೋಟಗಳೂ ಬೇರೆ ಬೇರೆ ದಿನ ಅರಳಿದ್ದು ನಾನು ನೋಡಿದ್ದೇನೆ. ಜನವರಿ 20ಕ್ಕೆ ಹೆರಿಗೆ ಎಂದಿದ್ದಾರೆ ಡಾಕ್ಟರು. ಮಾರ್ಚಿಗೆ ಮಗುವಿಗೆ ಎರಡು ತಿಂಗಳು ತುಂಬಿರುವುದಿಲ್ಲ. ಬಾಣಂತಿ ಬೆಳಗಿನ ಇಬ್ಬನಿಯಲ್ಲಿ ಕಾಫಿ ಗಿಡದ ಅಡಿ ನಿಂತರೆ ಏನಾಗುತ್ತದೆ ಎಂದು ನಾನು ಹೇಳಹೊರಟರೆ ನಿನಗೆ ಸಿಟ್ಟು ಬರುತ್ತದೆ. ಅದನ್ನು ಬಿಡುತ್ತೇನೆ. ಕಾಗದದ ಮಾತನ್ನೇ ಹೇಳುತ್ತೇನೆ: ರಜೆಯಲ್ಲಿರುವ ದಿನಾಂಕ ಹೊತ್ತ ಅಂಕಿಅಂಶ ನಿನ್ನ ಪ್ರಬಂಧದಲ್ಲಿ ಕೂತರೆ ಒಂದೋ ರಜೆ ಸುಳ್ಳು, ಇಲ್ಲವೇ ಅಂಕಿಅಂಶ ಸುಳ್ಳು ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ.

ಆದ್ದರಿಂದ 2026ರ ಹೂವನ್ನು ಬಿಟ್ಟುಬಿಡು. ಬಿಟ್ಟೆನೆಂದು ಅರ್ಜಿಯಲ್ಲೇ ಬರೆ. ಎಲ್ಲರೂ ಎಡವುವುದು ಇಲ್ಲೇ. ಆರು ತಿಂಗಳು ರಜೆ ತೆಗೆದುಕೊಂಡು ಪರಿಷ್ಕೃತ ವೇಳಾಪಟ್ಟಿಯಲ್ಲಿ ಎಲ್ಲ ದಿನಾಂಕವನ್ನೂ ಆರು ತಿಂಗಳು ಮುಂದೆ ತಳ್ಳುತ್ತಾರೆ. ನಿನ್ನ ಕೆಲಸಕ್ಕೆ ಅದು ನಡೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಕಾಫಿ ಹೂ ಬಿಡುತ್ತದೆಯೇ? ರಜೆ ಆರು ತಿಂಗಳಾದರೂ ನಿನಗೆ ಹೋಗುವುದು ಪೂರ್ತಿ ಹನ್ನೆರಡು ತಿಂಗಳು. ಈಗ ಮುಚ್ಚಿಟ್ಟರೆ ಮುಂದಿನ ವರ್ಷ ಸಲಹಾ ಸಮಿತಿಯ ಮುಂದೆ ಹಿಂದುಳಿದವಳಾಗಿ ನಿಲ್ಲುತ್ತೀಯ.

ರಾತ್ರಿ ಕೂತು ಲೆಕ್ಕ ಹಾಕಿದ್ದೇನೆ. ರಜೆ 22 ಡಿಸೆಂಬರ್ 2025ರಿಂದ 19 ಜೂನ್ 2026ರವರೆಗೆ, 180 ದಿನ. ಜನವರಿಯಲ್ಲಿ ಬರುವ ಸಲಹಾ ಸಮಿತಿ ಸಭೆಯನ್ನು ಡಿಸೆಂಬರ್ ಮಧ್ಯಕ್ಕೆ ತರಲು ಈಗಲೇ ಕೇಳು, ಮುಂದಿನದು ಜುಲೈಗೆ. ಹಿಂತಿರುಗಿದ ಮಳೆಗಾಲದಲ್ಲಿ ತೋಟದ ಕೆಲಸ ಹೇಗೂ ಇಲ್ಲ, 2025ರ ಹೂವಿನ ಅಂಕಿಅಂಶದಿಂದ ಮೊದಲ ಅಧ್ಯಾಯ ಬರೆ. ಎರಡನೆಯ ಹೂವು 2027ರ ಫೆಬ್ರವರಿಯಿಂದ ಏಪ್ರಿಲ್. ಆ ಕಾಯಿಗಳನ್ನು ಕೊಯ್ಲಿನವರೆಗೆ ಎಣಿಸಿ ಮುಗಿಸುವಾಗ 2028ರ ಜನವರಿ. ಸಲ್ಲಿಕೆಗೆ ಮುಂಚಿನ ಮಂಡನೆ ಸೆಪ್ಟೆಂಬರ್ 2028, ಪ್ರಬಂಧ ಆ ಡಿಸೆಂಬರ್. ಫೆಲೋಶಿಪ್‌ನ ಐದು ವರ್ಷ ಅಕ್ಟೋಬರಿಗೆ ಮುಗಿಯುವುದರಿಂದ ಕೊನೆಯ ಎರಡು ತಿಂಗಳ ಖರ್ಚು ನಾವು ನೋಡಿಕೊಳ್ಳುತ್ತೇವೆ, ಅದರ ಮಾತು ಬೇಡ.

ನಿನ್ನ ಆರು ವರ್ಷದ ಗಡುವು 15 ಅಕ್ಟೋಬರ್ 2029. ಹೀಗೆ ಹೋದರೆ ಅದರೊಳಗೇ ಮುಗಿಯುತ್ತದೆ. ಆದರೂ ರಜೆಯ ದಿನಗಳನ್ನು ಈ ಆರು ವರ್ಷದ ಲೆಕ್ಕದಿಂದ ಬಿಡಬೇಕೆಂದು ಅರ್ಜಿಯಲ್ಲಿ ಕೇಳಿಕೊ, ಏಕೆಂದರೆ ಯುಜಿಸಿ ನಿಯಮ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಪ್ಪಿದರೆ ಗಡುವು 13 ಏಪ್ರಿಲ್ 2030 ಆಗುತ್ತದೆ. ಮರುನೋಂದಣಿಯ ಎರಡು ವರ್ಷ, ಮಹಿಳೆಯರಿಗೆಂದು ಅದರ ಮೇಲಿರುವ ಇನ್ನೆರಡು ವರ್ಷ, ಇವುಗಳ ಹೆಸರೆತ್ತಬೇಡ. ರಜೆ ಬೇರೆ, ಅವಧಿ ವಿಸ್ತರಣೆ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಕೇಳಿದರೆ ಕಡತ ಬೇರೊಂದು ಸಮಿತಿಗೆ ಹೋಗಿ ಕೂರುತ್ತದೆ, ಮಗು ಅಂಬೆಗಾಲಿಡುವ ಹೊತ್ತಿಗೆ ಆದೇಶ ಬರುತ್ತದೆ.

ಅರ್ಜಿ ಕುಲಸಚಿವರಿಗೆ, ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಮೂಲಕ. ಉದ್ದ ಬೇಡ. ಮುಖ್ಯ ಪ್ಯಾರಾ ಹೀಗಿರಲಿ:

"ನನ್ನ ಹೆರಿಗೆಯ ನಿರೀಕ್ಷಿತ ದಿನಾಂಕ 20-01-2026 ಆಗಿರುವುದರಿಂದ 22-12-2025ರಿಂದ 19-06-2026ರವರೆಗೆ 180 ದಿನಗಳ ಹೆರಿಗೆ ರಜೆ ಮಂಜೂರು ಮಾಡಿ, ಈ ಅವಧಿಯನ್ನು ಗರಿಷ್ಠ ನೋಂದಣಿ ಅವಧಿಯಿಂದ ಹೊರತುಪಡಿಸಿ, ಉಳಿದ 60 ದಿನಗಳನ್ನು ಮುಂದೆ ಬಳಸಲು ಅವಕಾಶ ನೀಡಬೇಕೆಂದು ಕೋರುತ್ತೇನೆ. ಕ್ಷೇತ್ರಕಾರ್ಯವು ಕಾಫಿ ಹೂ ಬಿಡುವ ಕಾಲಕ್ಕೆ ಸೀಮಿತವಾಗಿರುವುದರಿಂದ 2026ರ ಕ್ಷೇತ್ರಕಾರ್ಯವನ್ನು 2027ಕ್ಕೆ ಮುಂದೂಡಲಾಗಿದೆ. ಪರಿಷ್ಕೃತ ವೇಳಾಪಟ್ಟಿ ಲಗತ್ತಿಸಿದೆ."

ಗರ್ಭಿಣಿಯಾದ್ದಕ್ಕೆ ವಿಷಾದಿಸುತ್ತೇನೆ ಎಂಬ ಧಾಟಿ ಎಲ್ಲಿಯೂ ಬರಬಾರದು. ನನ್ನ ಕಾಲದಲ್ಲಿ ಅಂಥ ಅರ್ಜಿಗಳನ್ನು ಎಷ್ಟೋ ಓದಿ ಹೊಟ್ಟೆ ಉರಿದಿದೆ. ಡಾಕ್ಟರ ಪ್ರಮಾಣಪತ್ರ, ತಾಯಿ ಕಾರ್ಡಿನ ಪ್ರತಿ, ಕಳೆದ ಪ್ರಗತಿ ವರದಿಯ ಪ್ರತಿ ಲಗತ್ತಿಸು. ರಜೆಯ ಕಾಲದ ವಿಳಾಸ ಎಂದು ಈ ಮನೆಯ ವಿಳಾಸ ಬರೆ. ಆ ಹುಡುಗಿಯ ನೋಟಿಸು ವಾಪಸು ಬಂದದ್ದನ್ನು ಮರೆಯಬೇಡ. ಹೆರಿಗೆ ಮೊದಲೇ ಆದರೆ ಎರಡು ಸಾಲಿನ ಪತ್ರ ಬರೆದು ರಜೆಯ ದಿನಾಂಕ ತಿದ್ದಿಸಬೇಕು. ಅದನ್ನು ಅಳಿಯಂದಿರು ಮಾಡಲಿ, ಈಗಲೇ ಹೇಳಿಡು.

ಟಪಾಲಿಗೆ ಕೊಟ್ಟಾಗ ನಿನ್ನ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಮೂರೂ ಹಾಕಿಸಿಕೊ. ಆ ಹುಡುಗಿಯ ಬಳಿ ಅಂಥದೊಂದು ಪ್ರತಿ ಇದ್ದಿದ್ದರೆ ರದ್ದತಿಯನ್ನು ತಡೆಯಲು ನನಗೂ ಟಿಪ್ಪಣಿ ಬರೆಯಲು ಒಂದು ಆಧಾರವಿರುತ್ತಿತ್ತು. ಅವಳ ಹೆಸರು ನೆನಪಿದೆ, ಬರೆಯುವುದಿಲ್ಲ. ಸಸ್ಯಶಾಸ್ತ್ರದವಳು, ನಿನ್ನ ಹಾಗೇ. ಚೆನ್ನಾಗಿ ಓದುವವಳಂತೆ.

ಗೈಡ್‌ಗೆ ಬೇಸರವಾಗುತ್ತದೆ ಎಂದು ಹಿಂಜರಿಯಬೇಡ. ಅವರು ಒಪ್ಪಿದ್ದಾರೆ ತಾನೇ, ಒಪ್ಪಿದ್ದನ್ನೇ ಅರ್ಜಿಯ ಕೆಳಗೆ "ಶಿಫಾರಸು ಮಾಡಿದೆ" ಎಂದು ಬರೆದು ಸಹಿ ಹಾಕಲಿ. ನಾಳೆ ಅವರಿಗೆ ವರ್ಗವಾದರೂ ನಿವೃತ್ತಿಯಾದರೂ ಆ ಸಹಿ ಅಲ್ಲೇ ಇರುತ್ತದೆ.

2027ರ ಹೂವಿಗೆ ನೀನು ತೋಟದಲ್ಲಿ ನಿಲ್ಲುವಾಗ ಮಗುವಿಗೆ ಒಂದು ವರ್ಷ ದಾಟಿರುತ್ತದೆ. ಆ ದಿನಗಳಲ್ಲಿ ಮಗುವನ್ನು ನನ್ನ ಹತ್ತಿರ ಬಿಡು. ಎಷ್ಟು ಹೊತ್ತಿಗೆ ಬೇಕಾದರೂ ಹೋಗು, ಎಷ್ಟು ಹೊತ್ತಿಗೆ ಬೇಕಾದರೂ ಬಾ. ನೀನು ಬಿಡುವ ಈ 2026ರ ಮಾರ್ಚಿನಲ್ಲಿ ಮಳೆ ಬಿದ್ದ ದಿನ, ಯಾವ ತೋಟ ಯಾವ ದಿನ ಅರಳಿತು ಎಂಬುದನ್ನು ಅಪ್ಪ ಡೈರಿಯಲ್ಲಿ ಬರೆದಿಡುತ್ತಾರಂತೆ. ಅದನ್ನು ಪ್ರಬಂಧಕ್ಕೆ ಸೇರಿಸಬೇಡ, ಹೋಲಿಸಿ ನೋಡಲು ನಿನಗಿರಲಿ.

ಅರ್ಜಿಯ ಕರಡನ್ನು ಶುಕ್ರವಾರದೊಳಗೆ ವಾಟ್ಸಾಪ್ ಮಾಡು, ನಾನು ತಿದ್ದಿ ಕೊಡುತ್ತೇನೆ. ಸೋಮವಾರ ಟಪಾಲಿಗೆ ಹೋಗಲಿ. ಆದೇಶದ ಪ್ರತಿ ಕೈಗೆ ಬಂದ ಮೇಲೆ ಮಾತ್ರ ಹಾಸ್ಟೆಲ್ ಕೋಣೆ ಖಾಲಿ ಮಾಡು. ಕಬ್ಬಿಣದ ಮಾತ್ರೆಯನ್ನು ಕಾಫಿ ಕುಡಿದ ಹಿಂದೆಯೇ ನುಂಗಬೇಡ, ನಡುವೆ ಎರಡು ಗಂಟೆ ಬಿಡು. ಅಳಿಯಂದಿರಿಗೆ ನಮ್ಮ ನೆನಪು ಹೇಳು.

ನಿನ್ನ
ಅವ್ವ