ಧೈರ್ಯವಾಗಿ ಬರೆದರೆ ಸುಳ್ಳಾಗುತ್ತಾ ಅಂತ ಕೇಳಿದೆಯಲ್ಲ

ಪುಟ್ಟಿ,

ನಿನ್ನ ಪತ್ರ, ಅದರ ಜೊತೆಗಿದ್ದ ಕವರ್ ಲೆಟರ್ ಎರಡೂ ಓದಿದೆ. ಮನೆಯ ಸಮಾಚಾರ ಬಿಡು, ನಿಮ್ಮಮ್ಮ ಫೋನಲ್ಲಿ ಎಲ್ಲಾ ಹೇಳಿದ್ದಾಳೆ. ನನಗೆ ನಿದ್ದೆ ಕೆಡಿಸಿದ್ದು ಒಂದೇ ಸಾಲು: "ಮಾವ, ಕ್ಷಮೆ ಕೇಳದೆ ಬರೆದರೆ ಇಲ್ಲದ್ದನ್ನು ಹೇಳಿಕೊಂಡ ಹಾಗೆ ಆಗುತ್ತೆ ಅಂತ ಭಯ."

1987ರಲ್ಲಿ ನನಗೂ ಇದೇ ಭಯ ಇತ್ತು. ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಡವ, ಇಂಗ್ಲಿಷ್ ಬಾರದವನು, ತಾವು ದಯೆ ತೋರಬೇಕು ಅಂತ ಮುಕ್ಕಾಲು ಪುಟ. ಅಕ್ಕಿ ಗಿರಣಿಯಲ್ಲಿ ಮೂರು ವರ್ಷ ರೋಕಡ್ ಪುಸ್ತಕ ಬರೆದಿದ್ದು ಮಾತ್ರ ಹಾಳೆಯ ಹಿಂಬದಿಗೆ ಹೋಯಿತು. ಅವರು ಕರೆಯಲಿಲ್ಲ. ಹಾಳೆ ತಿರುಗಿಸಿ ನೋಡಿದರೋ ಇಲ್ಲವೋ, ಇವತ್ತಿಗೂ ಕೊರೆಯುತ್ತದೆ.

ಈಗಿನ ಆಫೀಸುಗಳ ರೀತಿ ನನಗೆ ಪೂರ್ತಿ ಗೊತ್ತಿಲ್ಲ, ಆದರೂ ಹೇಳುತ್ತೇನೆ. ನೀನು ಇಂಗ್ಲಿಷಲ್ಲಿ "ಸಾರಿ, ಐ ಹ್ಯಾವ್ ಓನ್ಲಿ ಒನ್ ಇಯರ್" ಅಂತ ಬರೆದಿದ್ದೀಯ. "ಸಾರಿ" ತೆಗೆ, "ಓನ್ಲಿ" ತೆಗೆ. ಒಂದು ವರ್ಷ ಒಂದು ವರ್ಷವೇ ಆಗಿ ಉಳಿಯಿತು, ಅಲ್ವಾ? ಸುಳ್ಳೆಲ್ಲಿ ಬಂತು?

"ಎಕ್ಸೆಲ್ ಸ್ವಲ್ಪ ಬರುತ್ತದೆ" ಅನ್ನೋದು ಮಾತ್ರ ಬೇರೆ. ನಿನ್ನ ಭಯಕ್ಕೆ ಅರ್ಥ ಇರೋದು ಅಲ್ಲಿ. ಆ "ಸ್ವಲ್ಪ"ವನ್ನು ಸುಮ್ನೆ ಅಳಿಸಿದರೆ ಎಲ್ಲಾ ಬರುತ್ತದೆ ಅಂದ ಹಾಗೆ ಆಗುತ್ತದೆ, "ಪರಿಣತಿ ಇದೆ" ಅಂದರಂತೂ ಸುಳ್ಳೇ. ಅದರ ಬದಲು ಎಷ್ಟು ಬರುತ್ತದೋ ಅಷ್ಟನ್ನು ಹೆಸರಿಟ್ಟು ಹೇಳು: "ಎಕ್ಸೆಲ್‌ನಲ್ಲಿ VLOOKUP ಹಾಕಿ ಬ್ಯಾಂಕ್ ಸ್ಟೇಟ್‌ಮೆಂಟನ್ನು ಲೆಡ್ಜರ್ ಜೊತೆ ತಾಳೆ ನೋಡುತ್ತೇನೆ." ನೀನೇ ನನಗೆ ದೀಪಾವಳಿಯಲ್ಲಿ ತೋರಿಸಿದ್ದೆಯಲ್ಲ. ಮಿತಿ ಅದರಲ್ಲೇ ಇದೆ, ಅಳು ಇಲ್ಲ.

ಇನ್ನೊಂದು. "ಜಿಎಸ್‌ಟಿ ರಿಟರ್ನ್ ನಾನೇ ಹಾಕಿಲ್ಲ, ಕ್ಷಮಿಸಿ, ಹಿರಿಯರಿಗೆ ಲೆಕ್ಕ ಕೊಡುತ್ತಿದ್ದೆ ಅಷ್ಟೇ." ಇದನ್ನು "ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದ ಹಿರಿಯರಿಗೆ ಲೆಕ್ಕ ಕೊಡುತ್ತಿದ್ದೆ" ಅಂತ ಮಾಡು. ರಿಟರ್ನ್ ಹಾಕಿದ್ದು ಯಾರು ಅನ್ನೋದು ಮುಚ್ಚಿಹೋಗಲಿಲ್ಲ. "ರಿಟರ್ನ್ ಕೆಲಸ ಮಾಡಿದ್ದೇನೆ" ಅಂತ ಬರೆದಿದ್ದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಿದ್ದೆ.

ಆ ಎರಡು ವರ್ಷದ ಗ್ಯಾಪ್ ಬಗ್ಗೆಯೂ ಅದೇ ಭಯ ನಿನಗೆ. ಮುಚ್ಚಿಡಬೇಡ, ರೆಸ್ಯೂಮೆಯಲ್ಲಿ ತಾರೀಖು ಕಾಣುತ್ತದೆ. "ದುರದೃಷ್ಟವಶಾತ್" ಅನ್ನೋದು ಬಿಟ್ಟು "ಮನೆಯ ಜವಾಬ್ದಾರಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದೆ, ಈಗ ಪೂರ್ತಿ ಸಮಯ ಬರಬಲ್ಲೆ" ಅನ್ನು. ಎರಡನೇ ಅರ್ಧ ನಾನು ಸೇರಿಸಿದ್ದಲ್ಲ, ನಿನ್ನ ಪತ್ರದ ಕೊನೆಯಲ್ಲಿ "ದಯವಿಟ್ಟು"ಗಳ ಅಡಿಯಲ್ಲಿ ಹೂತುಹೋಗಿತ್ತು.

ಇನ್ನೂ ಅನುಮಾನ ಇದ್ದರೆ ಹಳೇದು ಹೊಸದು ಎರಡನ್ನೂ ಪಕ್ಕದಲ್ಲಿಟ್ಟು, ಮಾಡಿದ ಕೆಲಸ, ವರ್ಷ, ಮಾಡದೇ ಇದ್ದದ್ದು, ಇವಕ್ಕೆಲ್ಲ ಪೆನ್ಸಿಲಲ್ಲಿ ಗೆರೆ ಎಳೆ. ಗೆರೆ ಎಳೆದದ್ದು ಎರಡರಲ್ಲೂ ಒಂದೇ ಇರಬೇಕು. ಹೊಸದರಲ್ಲಿ ಒಂದು ಜಾಸ್ತಿ ಕಂಡರೆ ಅದು ಸುಳ್ಳು, ತೆಗೆದುಬಿಡು.

ನನ್ನ ಅರ್ಜಿಯ ಕಾರ್ಬನ್ ಕಾಪಿ ಇನ್ನೂ ಟ್ರಂಕಿನಲ್ಲಿದೆ. ಬಂದಾಗ ತೋರಿಸುತ್ತೇನೆ, ನಗಬೇಡ.

ನಿನ್ನ ಮಾವ